ಐದು ಜನರ ಪ್ರೆಸ್ಸಿಗೆ ಸಂಬಳದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಐದರಲ್ಲಿ ಮೂರು ಸ್ಟಾರ್. ಮೊದಲ ವರ್ಷ ಕೇಳಿದ್ದರೆ ಐದೂ ಕೊಡುತ್ತಿದ್ದೆ. ಆ್ಯಪಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಉಂಟು.

ಉಡುಪಿಯ ಸಂತೆಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್ಕು, ದೇವಸ್ಥಾನದ ರಶೀದಿ ಪುಸ್ತಕ. ಕೆಲಸಕ್ಕೆ ಐದು ಜನ. 20 ಜನ ಇದ್ದರೆ ಮಾತ್ರ ಪಿಎಫ್ ಕಡ್ಡಾಯ. ಆದರೆ ಒಳ್ಳೆಯ ಆಪರೇಟರ್ ಒಬ್ಬರು "ಅಲ್ಲಿ ಪಿಎಫ್ ಉಂಟು ಅಕ್ಕಾ" ಅಂತ ಮಣಿಪಾಲಕ್ಕೆ ಹೋದ ಮೇಲೆ ನಾನೇ ಇಷ್ಟಪಟ್ಟು ನೋಂದಣಿ ಮಾಡಿಸಿದೆ. ಲೆಕ್ಕಕ್ಕೆ ಈ ಆ್ಯಪ್ ತೆಗೆದುಕೊಂಡೆ.

ಒಳ್ಳೆಯದು ಮೊದಲು ಹೇಳುತ್ತೇನೆ. ಹಾಜರಿ ಹಾಕಿದರೆ ಸಂಬಳ ತಾನೇ ಬರುತ್ತದೆ. ಪಿಎಫ್ ಪೋರ್ಟಲ್‌ಗೆ ಹಾಕುವ ಇಸಿಆರ್ ಫೈಲ್ ಒಂದೇ ಒತ್ತಿಗೆ ರೆಡಿ. ತಿಂಗಳ 15ರೊಳಗೆ ಹಿಂದಿನ ತಿಂಗಳದ್ದು ಕಟ್ಟಬೇಕು, ಅದನ್ನು 10ರಿಂದಲೇ ನೆನಪಿಸುತ್ತದೆ. ನಮ್ಮಲ್ಲಿ ಯಾರಿಗೂ 25,000 ಮುಟ್ಟುವ ಸಂಬಳ ಇಲ್ಲ, ಹಾಗಾಗಿ ವೃತ್ತಿ ತೆರಿಗೆಯ ರಗಳೆ ಇಲ್ಲ.

ಎಡವಟ್ಟಾದದ್ದು ಅಡ್ವಾನ್ಸ್ ವಿಷಯದಲ್ಲಿ. ಸಣ್ಣ ಜಾಗದಲ್ಲಿ ಅಡ್ವಾನ್ಸ್ ಇಲ್ಲದ ತಿಂಗಳು ಉಂಟಾ ಮಾರಾಯ್ರೆ?

ನಮ್ಮ ಬೈಂಡರ್‌ದೇ ಲೆಕ್ಕ ನೋಡಿ. ಸಂಬಳ 15,000. ಮಕ್ಕಳ ಶಾಲೆ ಶುರುವಾಗುವಾಗ 5,000 ಅಡ್ವಾನ್ಸ್ ತೆಗೆದುಕೊಂಡಿದ್ದರು. ಜೂನ್‌ನಲ್ಲಿ ಎರಡು ದಿನ ಸಂಬಳವಿಲ್ಲದ ರಜೆ. 30 ದಿನಕ್ಕೆ ಭಾಗಿಸಿದರೆ ದುಡಿದದ್ದು 14,000. ಅದರ 12% ಅಂದರೆ 1,680 ಅವರ ಪಾಲಿನ ಪಿಎಫ್. ಆಮೇಲೆ ಅಡ್ವಾನ್ಸಿನ 2,000 ಹಿಡಿದರೆ ಕೈಗೆ 10,320. ಇದು ಸರಿಯಾದ ಲೆಕ್ಕ.

ಆ್ಯಪ್ ಕೊಟ್ಟದ್ದು 10,560. ನಾನು ಅಡ್ವಾನ್ಸನ್ನು ಕಡಿತದ ಪಟ್ಟಿಯಲ್ಲಿ ಸೇರಿಸುವ ಬದಲು ಗಳಿಕೆಯ ಪಟ್ಟಿಯಲ್ಲಿ ಮೈನಸ್ ಹಾಕಿ ಸೇರಿಸಿದ್ದೆ. ಆ್ಯಪ್ ಒಂದು ಮಾತೂ ಕೇಳದೆ ಒಪ್ಪಿಕೊಂಡಿತು. 14,000ದಿಂದ 2,000 ಮೊದಲೇ ಕಳೆದು, ಉಳಿದ 12,000ಕ್ಕೆ ಪಿಎಫ್ ಹಾಕಿ 1,440 ಮಾಡಿತು. ರಜೆ ಹಾಕಿದರೆ ದುಡಿಮೆಯೇ ಕಡಿಮೆ, ಪಿಎಫ್ ಇಳಿಯುವುದು ಸರಿ. ಅಡ್ವಾನ್ಸ್ ಹಾಗಲ್ಲ. ಅದು ದುಡಿದ ದುಡ್ಡೇ, ಮೊದಲೇ ಕೈಗೆ ಹೋಗಿದೆ ಅಷ್ಟೆ.

ಕೈಗೆ 240 ರೂಪಾಯಿ ಜಾಸ್ತಿ ಬಂದರೆ ಯಾರು ದೂರು ಕೊಡುತ್ತಾರೆ? ಆದರೆ ಅವರ ಖಾತೆಗೆ ಅವರ ಪಾಲು 240, ನನ್ನ ಪಾಲು 240, ಎರಡೂ ಕಡಿಮೆ ಹೋಯಿತು. ಒಂದು ವರ್ಷದ ಮೇಲೆ ಅವರು ಪಿಎಫ್ ಪಾಸ್‌ಬುಕ್ ಮೊಬೈಲಲ್ಲಿ ತೋರಿಸಿ, "ಅಕ್ಕಾ, ಇದೊಂದು ತಿಂಗಳು ಯಾಕೆ ಇಷ್ಟು ಕಡಿಮೆ?" ಅಂತ ಕೇಳಿದಾಗಲೇ ಗೊತ್ತಾದದ್ದು. ಬಾಕಿಯನ್ನು ವರ್ಷಕ್ಕೆ 12% ಬಡ್ಡಿ ಸೇರಿಸಿ ನಾನೇ ಕಟ್ಟಿದೆ. ತಪ್ಪು ನಮ್ಮದು, ಹಳೆಯ ತಿಂಗಳ ಪಾಲನ್ನು ಅವರ ಹತ್ತಿರ ಕೇಳಲು ಮನಸ್ಸು ಬರಲಿಲ್ಲ.

ಈಗ ಪ್ರತಿ ಸ್ಲಿಪ್‌ನಲ್ಲೂ ಪಿಎಫ್ ಮೊತ್ತವನ್ನು 0.12ರಿಂದ ಭಾಗಿಸಿ ನೋಡುತ್ತೇನೆ. ರಜೆ ಕಳೆದ ಸಂಬಳ ಬರಬೇಕು. 1,440 ಭಾಗಿಸಿದರೆ 12,000 ಬಂತು, ಅಲ್ಲೇ ಸಿಕ್ಕಿಬಿತ್ತು. ಇಸಿಆರ್ ಫೈಲನ್ನೂ ತೆರೆದು ನೋಡುತ್ತೇನೆ. ನಂಬರ್, ಹೆಸರು ಬಿಟ್ಟರೆ ಆ ತಿಂಗಳ ಸರಿಯಾದ ಸಾಲು ಹೀಗೆ:

```
14000#~#14000#~#14000#~#14000#~#1680#~#1166#~#514#~#2#~#0
```

1166 ಮತ್ತು 514 ನನ್ನ ಪಾಲಿನದು. 8.33% ಪಿಂಚಣಿಗೆ, ಉಳಿದದ್ದು ಪಿಎಫ್‌ಗೆ. ಅದನ್ನು ಕೆಲಸದವರ ಸಂಬಳದಿಂದ ಹಿಡಿಯುವ ಹಾಗಿಲ್ಲ. 2 ಅಂದರೆ ಸಂಬಳವಿಲ್ಲದ ದಿನಗಳು. ಕೊನೆಯ ಸೊನ್ನೆಯ ಜಾಗದ ಹೆಸರು `REFUND OF ADVANCES`. ನಮ್ಮ ಅಡ್ವಾನ್ಸ್ ಅಂದುಕೊಂಡು ಅಲ್ಲಿ 2000 ತುಂಬಬೇಡಿ! ಅದು ಪಿಎಫ್ ಖಾತೆಯಿಂದ ತೆಗೆದ ಮುಂಗಡ ವಾಪಸ್ ಕಟ್ಟುವವರಿಗೆ.

ಇನ್ನೊಂದು ಸಣ್ಣ ಕಿರಿಕಿರಿ. ಐದೂ ಜನ ಪೂರ್ತಿ ಬಂದ ತಿಂಗಳು ಪಿಎಫ್ ಸಂಬಳ ಒಟ್ಟು 75,000. ಆಡಳಿತ ಶುಲ್ಕ 0.5% ಅಂತ ಆ್ಯಪ್ 375 ತೋರಿಸುತ್ತದೆ, ಚಲನ್‌ನಲ್ಲಿ ಬರುವುದು 500. ಕನಿಷ್ಠ ಅಷ್ಟು ಕಟ್ಟಲೇಬೇಕು. ವಿಮೆಯ 0.5% ಬೇರೆ, 375. ನನ್ನ ಪಾಲಿನ 9,000 ಸೇರಿದರೆ ನನ್ನ ಕೈಯಿಂದ ಹೋಗುವುದು 9,875. ಕಂಪನಿಯವರಿಗೆ ಎರಡು ಸಲ ಬರೆದೆ. ಇನ್ನೂ 375ರಲ್ಲೇ ಇದ್ದಾರೆ.

ಪೇ ಸ್ಲಿಪ್ ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ. ಅದರ ಹಿಂದೆ ನಾನೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡುತ್ತೇನೆ: ದುಡಿದದ್ದು, ಪಿಎಫ್, ಅಡ್ವಾನ್ಸ್ ಹಿಡಿದದ್ದು, ಅಡ್ವಾನ್ಸ್ ಬಾಕಿ. ಬಾಕಿ ಎಷ್ಟು ಅಂತ ಆ್ಯಪ್ ಸ್ಲಿಪ್‌ನಲ್ಲಿ ತೋರಿಸುವುದೇ ಇಲ್ಲ, ಕೆಲಸದವರು ಮೊದಲು ನೋಡುವುದು ಅದನ್ನೇ. ಚಂದಾ ಮಾರ್ಚಿಗೆ ಮುಗಿಯುತ್ತದೆ. ಇಸಿಆರ್ ಫೈಲಿನ ಆಸೆಗೆ ಇನ್ನೊಂದು ವರ್ಷ ಕಟ್ಟುತ್ತೇನೆ.