ಅಮ್ಮನ ಫೋನ್‌ನಲ್ಲಿ ಫೋಟೊ ಬ್ಯಾಕಪ್ ನಿಂತು ಮೂರು ತಿಂಗಳಾದರೂ ಗೊತ್ತಾಗಲಿಲ್ಲ

ಊರಲ್ಲಿರುವ ಅಪ್ಪ ಅಮ್ಮನ ಫೋನಿಗೆ ಬ್ಯಾಕಪ್ ಆ್ಯಪ್ ಹಾಕಿಕೊಟ್ಟು ನಿಶ್ಚಿಂತೆಯಾಗಿ ಇರುವವರು ದಯವಿಟ್ಟು ಇದನ್ನು ಓದಿ.

ಸಂಕ್ರಾಂತಿಗೆ ಊರಿಗೆ ಹೋದಾಗ, ಜನವರಿ 14ರಂದು, ಅಪ್ಪ ಅಮ್ಮ ಇಬ್ಬರ ಆಂಡ್ರಾಯ್ಡ್ ಫೋನಿಗೂ ಒಂದು ಫೋಟೊ ಬ್ಯಾಕಪ್ ಆ್ಯಪ್ ಹಾಕಿದೆ. ಫೋಟೊ ನೋಡುವ ಪರ್ಮಿಷನ್ ಕೊಟ್ಟೆ. ಅಮ್ಮ ಫೋಟೊ ತೆಗೆದರೆ ಸಾಕು, ವೈಫೈ ಸಿಕ್ಕಾಗ ತಾನಾಗಿಯೇ ಮೇಲೆ ಹೋಗುತ್ತಿತ್ತು. ಅಮ್ಮ ಆ ಆ್ಯಪನ್ನು ಒಂದು ದಿನವೂ ತೆರೆಯಲಿಲ್ಲ. ತೆರೆಯುವ ಕೆಲಸವೇ ಇರಲಿಲ್ಲ ಅಲ್ವಾ?

ಜುಲೈನಲ್ಲಿ ಬಟ್ಟೆ ಒಗೆಯುವಾಗ ಫೋನ್ ನೀರಿನ ತೊಟ್ಟಿಗೆ ಬಿತ್ತು. ಮತ್ತೆ ಆನ್ ಆಗಲೇ ಇಲ್ಲ. "ಹೋಗಲಿ ಬಿಡಮ್ಮ, ಫೋಟೊ ಎಲ್ಲಾ ಇದೆ" ಅಂದೆ. ರಾತ್ರಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಅಮ್ಮನ ಖಾತೆ ತೆರೆದರೆ ಕೊನೆಯ ಫೋಟೊ ಏಪ್ರಿಲ್ 19ರದ್ದು. ಜಗಲಿಯ ಮೇಲೆ ಉಪ್ಪು ಸವರಿ ಹರವಿದ ಮಾವಿನಕಾಯಿ ಹೋಳು. ಅದಾದ ಮೇಲೆ ಏನೂ ಇಲ್ಲ. ಮೇ ತಿಂಗಳಲ್ಲಿ ಅಪ್ಪನ ಅರವತ್ತರ ಶಾಂತಿ ಆಗಿತ್ತು. ಅದರಲ್ಲಿ ಅಮ್ಮ ತೆಗೆದ ಒಂದು ಫೋಟೊವೂ ಇರಲಿಲ್ಲ.

ಕಾರಣ ಸಿಕ್ಕಿದ್ದು ಅಪ್ಪನ ಫೋನ್‌ನಲ್ಲಿ. Settings ಒಳಗೆ Apps, ಅದರಲ್ಲಿ Unused apps ಅಂತ ಒಂದು ಪಟ್ಟಿ ಇದೆ. ಅಪ್ಪನ ಬ್ಯಾಕಪ್ ಆ್ಯಪ್ ಅಲ್ಲಿ ಕೂತಿತ್ತು. ಮೇಲೆ Last opened more than 3 months ago ಎಂದು ಬರೆದಿತ್ತು. ನಾನು ಕೊಟ್ಟಿದ್ದ ಪರ್ಮಿಷನ್ ಮಾಯವಾಗಿತ್ತು. ಅಲ್ಲೂ ಬ್ಯಾಕಪ್ ಏಪ್ರಿಲ್‌ನಲ್ಲೇ ನಿಂತಿತ್ತು.

ಆಂಡ್ರಾಯ್ಡ್ 11ರಿಂದ ಈ ವ್ಯವಸ್ಥೆ ಇದೆ. ಸುಮಾರು ಮೂರು ತಿಂಗಳು, ಅಂದರೆ ಹನ್ನೆರಡು ಹದಿಮೂರು ವಾರ ಒಂದು ಆ್ಯಪನ್ನು ಬಳಸದಿದ್ದರೆ ಫೋನೇ ಅದರ ಪರ್ಮಿಷನ್ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆಂಡ್ರಾಯ್ಡ್ 12ರಿಂದ ಇನ್ನೂ ಬಿಗಿ. ಆ್ಯಪನ್ನೇ ಮಲಗಿಸಿಬಿಡುತ್ತದೆ. ಹಿನ್ನೆಲೆಯಲ್ಲಿ ಓಡುವುದಿಲ್ಲ, ನೋಟಿಫಿಕೇಶನ್ನೂ ಬರುವುದಿಲ್ಲ. ಹಾಗಾಗಿಯೇ ಬ್ಯಾಕಪ್ ಆ್ಯಪ್ "ನನಗೆ ಫೋಟೊ ಸಿಗುತ್ತಿಲ್ಲ" ಅಂತ ಒಂದು ಮಾತೂ ಹೇಳಲಿಲ್ಲ. ಹೇಳಲು ಅದು ಎಚ್ಚರವಾಗಿಯೇ ಇರಲಿಲ್ಲ.

ನನಗೆ ಗೊತ್ತಿಲ್ಲದೇ ಇದ್ದದ್ದು ಇಷ್ಟು: ಫೋನಿನ ಲೆಕ್ಕದಲ್ಲಿ "ಬಳಕೆ" ಅಂದರೆ ಮನುಷ್ಯ ಆ್ಯಪನ್ನು ತೆರೆಯುವುದು, ಅದರ ವಿಜೆಟ್ ಮುಟ್ಟುವುದು, ಅಥವಾ ಅದರ ನೋಟಿಫಿಕೇಶನ್ ಒತ್ತುವುದು. ನೋಟಿಫಿಕೇಶನ್ ಸುಮ್ನೆ ಸರಿಸಿದರೆ ಅದು ಬಳಕೆ ಅಲ್ಲ. ಹಿನ್ನೆಲೆಯಲ್ಲಿ ಆ್ಯಪ್ ದಿನವೂ ಮಾಡುವ ಕೆಲಸವೂ ಬಳಕೆ ಅಲ್ಲ. ಅಂದರೆ ಅಮ್ಮನ ಆ್ಯಪ್ ದಿನಾ ಫೋಟೊ ಕಳಿಸುತ್ತಿದ್ದರೂ ಫೋನಿನ ಕಣ್ಣಿಗೆ ಅದು ಬೇಡವಾದ ಆ್ಯಪ್. ತೊಂದರೆ ಕೊಡದೆ ತನ್ನಷ್ಟಕ್ಕೆ ಕೆಲಸ ಮಾಡುವ ಆ್ಯಪ್‌ಗೇ ಹೀಗಾಗುವ ಸಾಧ್ಯತೆ ಜಾಸ್ತಿ.

ಪರ್ಮಿಷನ್ ತೆಗೆದಾಗ ಫೋನ್ ಒಂದು ಸಣ್ಣ ಸೂಚನೆ ಕೊಡುತ್ತದೆ, ಸದ್ದಿಲ್ಲದೆ. ಅಮ್ಮನನ್ನು ಕೇಳಿದೆ. "ಇಂಗ್ಲಿಷಲ್ಲಿ ಏನೋ ಬಂದಿತ್ತು ಪುಟ್ಟಿ, ದಿನಾ ಬರೋ ಥರದ್ದೇ ಅಂತ ಸರಿಸಿಬಿಟ್ಟೆ" ಅಂದರು. ಅವರ ತಪ್ಪೇನಿದೆ? ಹತ್ತು ಜಾಹೀರಾತಿನ ನಡುವೆ ಬಂದದ್ದು ಅದು.

ಈಗಲೇ ಮಾಡಬೇಕಾದದ್ದು ಹೀಗೆ. ಆ್ಯಪ್ ಐಕಾನನ್ನು ಒತ್ತಿ ಹಿಡಿದು App info ತೆರೆಯಿರಿ. ಕೆಳಗೆ ಹೋದರೆ Pause app activity if unused ಎಂಬ ಸ್ವಿಚ್ ಇರುತ್ತದೆ. ಹೊಸ ಫೋನ್‌ಗಳಲ್ಲಿ ಅದರ ಹೆಸರು Manage app if unused. ಅದನ್ನು ಆಫ್ ಮಾಡಿ. ಆಮೇಲೆ Permissions ಒಳಗೆ ಹೋಗಿ ಪರ್ಮಿಷನ್ ಇದೆಯೇ ನೋಡಿ. ಇಲ್ಲೇ ನಾನು ಅಪ್ಪನ ಫೋನ್‌ನಲ್ಲಿ ಇನ್ನೊಂದು ಸಲ ಎಡವಿದೆ. ಆ್ಯಪ್ ತೆರೆದರೆ ಅದು ನಿದ್ದೆಯಿಂದ ಏಳುತ್ತದೆ ನಿಜ, ಆದರೆ ಹೋದ ಪರ್ಮಿಷನ್ ವಾಪಸ್ ಬರುವುದಿಲ್ಲ. ಅದನ್ನು ನಾವೇ ಮತ್ತೆ ಕೊಡಬೇಕು. ಕೊಟ್ಟ ಮೇಲೆ ಒಂದು ಹೊಸ ಫೋಟೊ ತೆಗೆದು, ಬೇರೆ ಫೋನಿನಿಂದ ಆ ಖಾತೆಯಲ್ಲಿ ಅದು ಬಂತೇ ಎಂದು ನೋಡಿ. ಬಂದರೆ ಮಾತ್ರ ನಂಬಿ.

ಎಲ್ಲಾ ಆ್ಯಪ್‌ಗೂ ಇದನ್ನು ಆಫ್ ಮಾಡಲು ಹೋಗಬೇಡಿ. ಎಂದೋ ಒಮ್ಮೆ ಹಾಕಿ ಮರೆತ ಆ್ಯಪ್ ನಮ್ಮ ಮೈಕು, ಲೊಕೇಶನ್ ಹಿಡಿದುಕೊಂಡು ಕೂರದಂತೆ ತಡೆಯುವುದೂ ಇದೇ. ಬ್ಯಾಕಪ್‌ನಂತೆ ತೆರೆಯದೆಯೇ ಕೆಲಸ ಮಾಡಬೇಕಾದ ಎರಡು ಮೂರು ಆ್ಯಪ್‌ಗೆ ಸಾಕು. ಈ ಸ್ವಿಚ್ ಪ್ರತಿ ಆ್ಯಪ್‌ಗೂ ಬೇರೆ ಬೇರೆ. ಫೋನ್ ಬದಲಾಯಿಸಿದರೆ ಹೊಸದರಲ್ಲೂ ನೋಡಿಕೊಳ್ಳಿ.

ಅಪ್ಪನ ಶಾಂತಿಯ ಫೋಟೊಗಾಗಿ ನೆಂಟರನ್ನೆಲ್ಲ ಕೇಳುತ್ತಿದ್ದೇನೆ. ವಾಟ್ಸಾಪಿನಿಂದ ಇದುವರೆಗೆ ಹನ್ನೊಂದು ಸಿಕ್ಕಿವೆ. ಅಮ್ಮ ತೆಗೆದದ್ದು ಅದರಲ್ಲಿ ಒಂದೂ ಇಲ್ಲ.