ಅಜ್ಜಿಗೆ ಸಿರಪ್ಪೋ, ಪುಡಿ ಮಾಡಿದ ಮಾತ್ರೆಯೋ?

ಹಾಸನದ ನಮ್ಮ ಅಜ್ಜಿಗೆ 82 ವರ್ಷ. ಮುದ್ದೆಯನ್ನು ಸಲೀಸಾಗಿ ನುಂಗುತ್ತಿದ್ದವರಿಗೆ ಈಗ ಮಾತ್ರೆ ಗಂಟಲಲ್ಲೇ ನಿಲ್ಲುತ್ತದೆ. ಹಾಗೆಂದು ಎಲ್ಲವನ್ನೂ ಕುಟ್ಟಿ ಗಂಜಿಗೆ ಬೆರೆಸುವಂತಿಲ್ಲ.

ಮಂಡಿನೋವಿನ ಪ್ಯಾರಸಿಟಮಾಲ್‌ಗೆ ಸಿರಪ್ಪೇ ಸುಲಭ. ಆದರೆ ಬಾಟಲಿಯ ಸಾಂದ್ರತೆ ನೋಡಲೇಬೇಕು. 5 ಮಿ.ಲೀ.ನಲ್ಲಿ 250 ಮಿ.ಗ್ರಾಂ. ಇದ್ದರೆ, 500ರ ಒಂದು ಮಾತ್ರೆಗೆ 10 ಮಿ.ಲೀ. ಸಮ; 125 ಇದ್ದರೆ 20 ಮಿ.ಲೀ. ಬೇಕು. ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳ ಬಳಸಿ. ನೀರು ಕುಡಿದರೂ ಕೆಮ್ಮು ಬರುವವರಿಗೆ ತೆಳುವಾದ ಸಿರಪ್ ಶ್ವಾಸನಾಳಕ್ಕೆ ಇಳಿಯಬಹುದು. ಅಂಥವರಿಗೆ ಸಿರಪ್ ಸುರಕ್ಷಿತವೆಂದು ಭಾವಿಸದೆ ಮೊದಲು ವೈದ್ಯರಿಗೆ ತೋರಿಸಿ.

ರಕ್ತದೊತ್ತಡದ ನಿಫೆಡಿಪಿನ್ ರಿಟಾರ್ಡ್ ಮಾತ್ರೆಯ ಕಥೆಯೇ ಬೇರೆ. ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ, ಪುಡಿ ಮಾಡಿದರೆ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಮುಖ ಕೆಂಪೇರುವುದು, ತಲೆಸುತ್ತು, ಎದ್ದರೆ ಕುಸಿಯುವುದು ಇದರ ಸೂಚನೆ. ಸ್ಟ್ರಿಪ್ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಎಲ್, ರಿಟಾರ್ಡ್ ಎಂದಿದ್ದರೆ ಕುಟ್ಟಬೇಡಿ. ಅಂಥ ಅಕ್ಷರ ಇಲ್ಲದ ಮಾತ್ರೆಯನ್ನೂ ಔಷಧಿ ಅಂಗಡಿಯ ಫಾರ್ಮಾಸಿಸ್ಟ್‌ರನ್ನು ಕೇಳದೆ ಪುಡಿ ಮಾಡಬೇಡಿ.

ನಮ್ಮ ವೈದ್ಯರು ಅದರ ಬದಲು ಸಾಮಾನ್ಯ ಆಮ್ಲೋಡಿಪಿನ್ ಬರೆದರು. ಅದು ತಾನಾಗಿಯೇ ದೇಹದಲ್ಲಿ ದಿನವಿಡೀ ಉಳಿಯುವುದರಿಂದ, ಪುಡಿ ಮಾಡಿ ಕೊಟ್ಟರೂ ದಿನಕ್ಕೊಂದೇ ಸಾಕು.