ಮೂರು ಸ್ಟೆಪ್ ಟೆಸ್ಟ್, ಒಂದೇ ಪೆಟ್ಟಿಗೆ: ತಿಂಗಳುಗಟ್ಟಲೆ ದಮ್ಮು ಅಳೆಯಲು ಯಾವುದು ಸರಿ?

ನಿಗದಿತ ಎತ್ತರದ ಮೆಟ್ಟಿಲನ್ನು ನಿಗದಿತ ವೇಗದಲ್ಲಿ ಹತ್ತಿ ಇಳಿಯಬೇಕು. ನಿಂತ ಮೇಲೆ ನಾಡಿ ಎಣಿಸಬೇಕು. ಸ್ಟೆಪ್ ಟೆಸ್ಟ್ ಅಂದರೆ ಇಷ್ಟೇ. ದಮ್ಮು ಜಾಸ್ತಿ ಇದ್ದರೆ ಅದೇ ಕೆಲಸಕ್ಕೆ ಹೃದಯ ಕಡಿಮೆ ಸಲ ಬಡಿಯುತ್ತದೆ, ನಿಂತ ಮೇಲೆ ಬೇಗ ಇಳಿಯುತ್ತದೆ. ಟ್ರೆಡ್‌ಮಿಲ್ ಬೇಡ, ಮೈದಾನ ಬೇಡ. ಆದರೆ ಈ ಹೆಸರಿನಲ್ಲಿ ಹಲವು ಪರೀಕ್ಷೆಗಳಿವೆ. ಅವುಗಳಲ್ಲಿ ಹಾರ್ವರ್ಡ್, ಕ್ವೀನ್ಸ್ ಕಾಲೇಜ್, ವೈಎಂಸಿಎ ಮೂರನ್ನೂ ದಾವಣಗೆರೆಯ ನಮ್ಮ ಮನೆಯಲ್ಲಿ ಜನವರಿಯಿಂದ ಜೂನ್‌ವರೆಗೆ ಮಾಡಿ ನೋಡಿದೆವು. ನಾನು, ನಮ್ಮನೆಯವರು, ಕಾಲೇಜಿಗೆ ಹೋಗುವ ಮಗ. ನಮ್ಮಿಬ್ಬರಿಗೂ ನಲವತ್ತೈದು ದಾಟಿದೆ.

ಮೊದಲು ಪೆಟ್ಟಿಗೆಯ ವಿಷಯ. ನಮ್ಮ ಕಡೆಯ ಮನೆಗಳ ಮೆಟ್ಟಿಲು ಸಾಮಾನ್ಯವಾಗಿ ಆರೇಳು ಇಂಚು ಎತ್ತರ. ಈ ಮೂರು ಪರೀಕ್ಷೆಗೂ ಅದು ಸಾಲದು. ಎರಡು ಮೆಟ್ಟಿಲು ಒಟ್ಟಿಗೆ ಹತ್ತೋಣ ಅಂದರೆ ಮಧ್ಯದ ಮೆಟ್ಟಿಲು ಕಾಲಿಗೆ ತಾಗುತ್ತದೆ. ಹಾಗಾಗಿ ಬಡಗಿಗೆ ಹೇಳಿ 18 ಎಂಎಂ ಪ್ಲೈವುಡ್‌ನಲ್ಲಿ ಒಂದು ಪೆಟ್ಟಿಗೆ ಮಾಡಿಸಿದೆವು. ಅದರ ಅಳತೆ 12, 16¼ ಮತ್ತು 20 ಇಂಚು. ಹೊರಳಿಸಿ ಇಟ್ಟರೆ ಮೂರು ಪರೀಕ್ಷೆಯ ಮೂರು ಎತ್ತರವೂ ಅದರಲ್ಲೇ ಸಿಗುತ್ತವೆ. ಮೇಲೆ ರಬ್ಬರ್ ಶೀಟ್ ಅಂಟಿಸಿದ್ದೇವೆ. 20 ಇಂಚಿಗೆ ನಿಲ್ಲಿಸಿದಾಗ ಪೆಟ್ಟಿಗೆ ಅಲ್ಲಾಡುತ್ತದೆ, ಗೋಡೆಗೆ ಒತ್ತಿ ಇಡಲೇಬೇಕು.

ಹಾರ್ವರ್ಡ್ ಟೆಸ್ಟ್ ಈ ಮೂರರಲ್ಲಿ ಹಳೆಯದು, 1940ರ ದಶಕದ್ದು. 20 ಇಂಚಿನ ಪೆಟ್ಟಿಗೆ, ನಿಮಿಷಕ್ಕೆ 30 ಸಲ ಹತ್ತಿ ಇಳಿಯಬೇಕು, ಒಟ್ಟು 5 ನಿಮಿಷ. ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಷ್ಟು ಸೆಕೆಂಡ್ ಆಯಿತು ಅಂತ ಬರೆದುಕೊಳ್ಳಬೇಕು. ಆಮೇಲೆ ಕೂತು ಮೂರು ಸಲ ಅರ್ಧರ್ಧ ನಿಮಿಷ ನಾಡಿ ಎಣಿಸಬೇಕು. ನಿಂತ ಒಂದು ನಿಮಿಷಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ. ಮಗನಿಗೆ ಮೊದಲ ಸಲ 76, 61, 53 ಬಂತು. ಕೂಡಿದರೆ 190. ಹತ್ತಿದ 300 ಸೆಕೆಂಡನ್ನು 100ರಿಂದ ಗುಣಿಸಿ, 190ರ ಎರಡರಷ್ಟರಿಂದ, ಅಂದರೆ 380ರಿಂದ ಭಾಗಿಸಿದರೆ 79. ಇದೇ ಅವನ ಅಂಕ. ಅವನು ಫುಟ್‌ಬಾಲ್ ಆಡುವ ಹುಡುಗ. ತಿಂಗಳುಗಳ ಮೇಲೆ ಅದೇ ಎಣಿಕೆ 70, 55, 48ಕ್ಕೆ ಇಳಿದು ಅಂಕ 87 ಆಯಿತು. ಹೃದಯ ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದು ಮೂರು ಎಣಿಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದೊಂದು ಗುಣ ಉಳಿದ ಎರಡರಲ್ಲಿ ಇಲ್ಲ.

ನನಗೆ ಮಾತ್ರ ಅದು 95 ಸೆಕೆಂಡಿಗೇ ನಿಂತಿತು. ನಿಂತಿದ್ದು ಉಸಿರು ಸಾಲದೆ ಅಲ್ಲ, ತೊಡೆ ಸೋತು. ಎತ್ತರ ಮತ್ತು ವೇಗ ಹಿಡಿದು ಲೆಕ್ಕ ಹಾಕಿದರೆ ಈ ಪರೀಕ್ಷೆ ಸುಮ್ನೆ ಕೂತಾಗ ಬೇಕಾಗುವ ಆಮ್ಲಜನಕದ ಸುಮಾರು ಹದಿಮೂರು ಪಟ್ಟು ಕೇಳುತ್ತದೆ. ಕ್ವೀನ್ಸ್ ಎಂಟೂವರೆಯಿಂದ ಒಂಬತ್ತು ಪಟ್ಟು, ವೈಎಂಸಿಎ ಏಳೂವರೆ. ವ್ಯಾಯಾಮ ಈಗಷ್ಟೇ ಶುರು ಮಾಡಿದವರಿಗೆ ಹದಿಮೂರು ಪಟ್ಟು ಅಂದರೆ ಪೂರ್ತಿ ಶಕ್ತಿ, ಹಲವರಿಗೆ ಅದಕ್ಕೂ ಮೀರಿದ್ದು. ಅದೂ ನನ್ನಂಥ ಐದಡಿ ಎತ್ತರದವರಿಗೆ 20 ಇಂಚು ಮಂಡಿಗಿಂತ ಮೇಲೆ ಬರುತ್ತದೆ. ಕಾಲು ಮೊದಲು ಸೋತರೆ ಆ ಅಂಕ ಹೃದಯದ್ದಲ್ಲ, ತೊಡೆಯದ್ದು. ಮಂಡಿ ನೋವಿದ್ದವರು ಇದರ ಹತ್ತಿರವೂ ಹೋಗಬೇಡಿ.

ಕ್ವೀನ್ಸ್ ಕಾಲೇಜ್ ಟೆಸ್ಟ್ ಜನರಿಗೆ ಇಷ್ಟವಾಗಲು ಒಂದು ಕಾರಣವಿದೆ. ಕೊನೆಗೆ ವಿಓಟು ಮ್ಯಾಕ್ಸ್ ಅನ್ನುವ ದೊಡ್ಡ ಹೆಸರಿನ ಅಂಕೆ ಕೊಡುತ್ತದೆ. ಅಂದರೆ ದೇಹ ನಿಮಿಷಕ್ಕೆ ಕಿಲೋ ತೂಕಕ್ಕೆ ಗರಿಷ್ಠ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಅನ್ನುವ ಅಂದಾಜು. 16¼ ಇಂಚಿನ ಎತ್ತರ, 3 ನಿಮಿಷ. ಗಂಡಸರು ನಿಮಿಷಕ್ಕೆ 24 ಸಲ, ಹೆಂಗಸರು 22 ಸಲ ಹತ್ತಿ ಇಳಿಯಬೇಕು. ನಿಂತಲ್ಲೇ ನಿಂತು, ಐದನೇ ಸೆಕೆಂಡಿನಿಂದ ಇಪ್ಪತ್ತನೇ ಸೆಕೆಂಡಿನವರೆಗೆ ನಾಡಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ಬಂದದ್ದನ್ನು ಸೂತ್ರಕ್ಕೆ ಹಾಕಬೇಕು:

ಗಂಡಸರಿಗೆ: 111.33 − 0.42 × ನಾಡಿ
ಹೆಂಗಸರಿಗೆ: 65.81 − 0.1847 × ನಾಡಿ

ನಮ್ಮನೆಯವರು 15 ಸೆಕೆಂಡಿನಲ್ಲಿ 38 ಎಣಿಸಿದರು. ಅಂದರೆ ನಿಮಿಷಕ್ಕೆ 152. ಸೂತ್ರದಲ್ಲಿ 47.5 ಬಂತು. ಆಫೀಸು, ಮನೆ, ಸಂಜೆ ಒಂದು ಸುತ್ತು ವಾಕಿಂಗ್ ಅಷ್ಟೇ ಇರುವವರಿಗೆ ಇದು ದಿನಾ ಓಡುವವರ ಅಂಕೆ. ಯಾಕೆ ಹೀಗೆ? ಈ ಸೂತ್ರ ಕಟ್ಟಿದ್ದು 1970ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ. ಇಪ್ಪತ್ತರ ಹುಡುಗನ ಹೃದಯ ಗರಿಷ್ಠ 200ರ ಹತ್ತಿರ ಬಡಿಯಬಲ್ಲದು. ಅವನಿಗೆ 152 ಅಂದರೆ ಇನ್ನೂ ಬೇಕಾದಷ್ಟು ಬಾಕಿ ಇದೆ ಅಂತ ಅರ್ಥ. ಐವತ್ತರ ಹೊತ್ತಿಗೆ ಆ ಗರಿಷ್ಠ ಸುಮಾರು 170ಕ್ಕೆ ಇಳಿದಿರುತ್ತದೆ. ಅಲ್ಲಿ 152 ಅಂದರೆ ಉಳಿದಿರುವುದು ಸ್ವಲ್ಪವೇ. ಸೂತ್ರಕ್ಕೆ ವಯಸ್ಸು ಗೊತ್ತಿಲ್ಲ, ಇಬ್ಬರಿಗೂ ಒಂದೇ ಬೆಲೆ ಕಟ್ಟುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. 15 ಸೆಕೆಂಡಿನಲ್ಲಿ ಒಂದೇ ಒಂದು ಬಡಿತ ಆಚೀಚೆ ಎಣಿಸಿದರೂ ನಿಮಿಷಕ್ಕೆ ನಾಲ್ಕು ವ್ಯತ್ಯಾಸವಾಗುತ್ತದೆ. 38ರ ಬದಲು 37 ಆದರೆ 47.5 ಇದ್ದದ್ದು 49.2 ಆಗಿಬಿಡುತ್ತದೆ. ಹೆಂಗಸರ ಸೂತ್ರದಲ್ಲಿ ಅದೇ ಒಂದು ಬಡಿತಕ್ಕೆ 0.7 ಮಾತ್ರ ಏರುತ್ತದೆ, ನೋಡಲು ಸ್ಥಿರ ಅನ್ನಿಸುತ್ತದೆ. ಆದರೆ ಎಣಿಕೆ ಅಷ್ಟೇ ಒರಟು. ಒಂದೆರಡು ತಿಂಗಳ ವಾಕಿಂಗ್‌ನಿಂದ ಬರುವ ಬದಲಾವಣೆಯೇ ಹೆಚ್ಚುಕಮ್ಮಿ ಅಷ್ಟಿರುವಾಗ, ಇದು ಸುಧಾರಣೆಯೋ ಎಣಿಕೆಯ ತಪ್ಪೋ ಅಂತ ಹೇಳಲು ಆಗುವುದಿಲ್ಲ.

ವೈಎಂಸಿಎ ಟೆಸ್ಟ್‌ನಲ್ಲಿ ಎತ್ತರ 12 ಇಂಚು, ವೇಗ ಎಲ್ಲರಿಗೂ ನಿಮಿಷಕ್ಕೆ 24 ಸಲ, ಹೊತ್ತು 3 ನಿಮಿಷ. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ 96ಕ್ಕೆ ಇಡಿ. ಒಂದು ಟಕ್‌ಗೆ ಒಂದು ಹೆಜ್ಜೆ: ಬಲ ಮೇಲೆ, ಎಡ ಮೇಲೆ, ಬಲ ಕೆಳಗೆ, ಎಡ ಕೆಳಗೆ. ಮೇಲೆ ಹೋದಾಗ ಮಂಡಿ ಪೂರ್ತಿ ನೆಟ್ಟಗಾಗಬೇಕು. ಮುಗಿದ ತಕ್ಷಣ ಕೂತು, ಐದು ಸೆಕೆಂಡಿನ ಒಳಗೆ ಶುರು ಮಾಡಿ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಆ ಎಣಿಕೆಯೇ ಅಂಕ. ಸೂತ್ರ ಇಲ್ಲ, ಗುಣಾಕಾರ ಇಲ್ಲ. ಒಂದು ಬಡಿತ ತಪ್ಪಿದರೆ ತಪ್ಪು ಒಂದೇ. ಜೊತೆಗೆ ಆ ಒಂದು ನಿಮಿಷದಲ್ಲಿ ಹೃದಯ ಎಷ್ಟು ಏರಿತ್ತು, ಎಷ್ಟು ಬೇಗ ಇಳಿಯಿತು, ಎರಡೂ ಸೇರಿಕೊಳ್ಳುತ್ತವೆ.

ಇಲ್ಲಿ ಎಡವಟ್ಟಾಗುವುದು ಆ ಐದು ಸೆಕೆಂಡಿನಲ್ಲೇ. ಏದುಸಿರು ಬಿಡುತ್ತಾ ನಾಡಿ ಹುಡುಕುವಷ್ಟರಲ್ಲಿ ಇಪ್ಪತ್ತು ಸೆಕೆಂಡ್ ಕಳೆದರೆ ಬಡಿತ ಆಗಲೇ ಇಳಿದಿರುತ್ತದೆ. ಅಂಕ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಹತ್ತುವ ಮೊದಲೇ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ನಾಡಿ ಸಿಗುವ ಜಾಗಕ್ಕೆ ಪೆನ್ನಿನಿಂದ ಚುಕ್ಕಿ ಇಟ್ಟುಕೊಳ್ಳುತ್ತೇನೆ. ಕುತ್ತಿಗೆಯಲ್ಲಿ ಎಣಿಸುವವರು ಗಟ್ಟಿಯಾಗಿ ಒತ್ತಬಾರದು, ಅಲ್ಲಿ ಒತ್ತಿದರೆ ಬಡಿತವೇ ನಿಧಾನವಾಗುತ್ತದೆ. ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಕೂಡ ಬಳಸಿ ನೋಡಿದೆ. ಅದು ಕೆಲವು ಸೆಕೆಂಡಿನ ಸರಾಸರಿ ತೋರಿಸುತ್ತದೆ, ಬೇಗ ಇಳಿಯುವ ಬಡಿತದ ಹಿಂದೆ ಬೀಳುತ್ತದೆ. ಮಗನ ಕೈ ವಾಚ್ ಹತ್ತುವಾಗ ಒಮ್ಮೊಮ್ಮೆ 96ರ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಅದು ನಾಡಿಯಲ್ಲ, ಹೆಜ್ಜೆಯ ತಾಳ. ಎದೆಗೆ ಕಟ್ಟುವ ಪಟ್ಟಿ ಇದ್ದರೆ ಒಂದು ನಿಮಿಷದ ಸರಾಸರಿ ತೆಗೆದುಕೊಳ್ಳಿ, ಅದು ನಂಬಬಹುದಾದದ್ದು. ಇಲ್ಲದಿದ್ದರೆ ಬೆರಳೇ ಸಾಕು.

ನನ್ನ ಲೆಕ್ಕ ಹೀಗಿದೆ. ಜನವರಿಯಲ್ಲಿ ವ್ಯಾಯಾಮ ಶುರು ಮಾಡುವ ಮೊದಲೇ ಒಂದೇ ವಾರದಲ್ಲಿ ಮೂರು ಬೆಳಗ್ಗೆ ಪರೀಕ್ಷೆ ಮಾಡಿದೆ. 124, 128, 125 ಬಂತು. ದಮ್ಮಿನಲ್ಲಿ ಏನೂ ಬದಲಾಗದೆಯೇ ನಾಲ್ಕು ಬಡಿತ ಆಚೀಚೆ ಆಗುತ್ತದೆ ಅಂತ ಇದರಿಂದ ಗೊತ್ತಾಯಿತು. ಈ ವಾರದ ಕೆಲಸ ಯಾರೂ ಬಿಡಬಾರದು. ಆಮೇಲಿನ ಎಲ್ಲ ಅಂಕೆಯನ್ನೂ ಇದರ ಎದುರು ಇಟ್ಟು ನೋಡಬೇಕು. ಆಮೇಲೆ ವಾರದಲ್ಲಿ ಐದು ದಿನ ನಲವತ್ತು ನಿಮಿಷ ಬಿರುಸಿನ ನಡಿಗೆ ಶುರುವಾಯಿತು. ತಿಂಗಳ ನಂತರ 123. ನಾಲ್ಕರ ಒಳಗಿನ ವ್ಯತ್ಯಾಸ, ಸುದ್ದಿಯಲ್ಲ. ಮಾರ್ಚ್‌ನಲ್ಲಿ 117. ಮೊದಲ ವಾರದ ಅತಿ ಕಡಿಮೆ ಅಂಕೆಗಿಂತಲೂ ಏಳು ಕೆಳಗಿತ್ತು, ಇದು ನಿಜ.

ಏಪ್ರಿಲ್‌ನಲ್ಲಿ ಒಮ್ಮೆ ಮತ್ತೆ 123 ಬಂತು. ಅವತ್ತು ಪರೀಕ್ಷೆ ಮಾಡಿದ್ದು ಸಂಜೆ ಐದಕ್ಕೆ, ತಾರಸಿಯ ಕೆಳಗಿನ ಕಾದ ಕೋಣೆಯಲ್ಲಿ. ಹತ್ತುವ ಮೊದಲು ಕೂತಾಗಲೇ ನಾಡಿ ಎಂದಿಗಿಂತ ಎಂಟು ಜಾಸ್ತಿ ಇತ್ತು. ಸೆಖೆಯಲ್ಲಿ ಹೃದಯ ಸ್ನಾಯುಗಳಿಗಷ್ಟೇ ಅಲ್ಲ, ಮೈ ತಣಿಸಲು ಚರ್ಮಕ್ಕೂ ರಕ್ತ ಕಳಿಸಬೇಕು. ಬೆವರಿ ನೀರು ಕಡಿಮೆಯಾಗಿದ್ದರೆ ಇನ್ನೂ ಬೇಗ ಬಡಿಯಬೇಕು. ಮರುದಿನ ಬೆಳಗ್ಗೆ ಆರಕ್ಕೆ, ಕಾಫಿಗೂ ಮುಂಚೆ, ಕೆಳಗಿನ ಹಾಲ್‌ನಲ್ಲಿ ಮಾಡಿದೆ. 114! ಕಳೆದುಕೊಂಡದ್ದು ಏನೂ ಇರಲಿಲ್ಲ. ಆವತ್ತಿನಿಂದ ಪ್ರತಿ ಸಲ ಅಂಕದ ಪಕ್ಕದಲ್ಲಿ ಹತ್ತುವ ಮೊದಲಿನ ನಾಡಿಯನ್ನೂ ಬರೆಯುತ್ತೇನೆ. ಅದು ಎಂದಿಗಿಂತ ಏರಿದ್ದರೆ ಆ ದಿನ ಪರೀಕ್ಷೆ ಬೇಡ. ಸೆಖೆ, ನಿದ್ದೆಗೆಟ್ಟದ್ದು, ಜ್ವರ, ಊಟವಾಗಿ ಎರಡು ಗಂಟೆ ಆಗದಿರುವುದು, ಎಲ್ಲ ಅಲ್ಲೇ ಗೊತ್ತಾಗುತ್ತವೆ. ಜೂನ್‌ನಲ್ಲಿ 109 ಬಂತು.

ಹಾಗಾಗಿ ನಮ್ಮ ಮನೆಯಲ್ಲಿ ಉಳಿದದ್ದು ವೈಎಂಸಿಎ, ತಿಂಗಳಿಗೆ ಎರಡು ಸಲ. ವಾರ ವಾರ ಮಾಡುವುದರಲ್ಲಿ ಅರ್ಥವಿಲ್ಲ, ದಮ್ಮು ಅಷ್ಟು ಬೇಗ ಬದಲಾಗುವುದಿಲ್ಲ. ಮಗ ಹಾರ್ವರ್ಡ್ ಬಿಟ್ಟಿಲ್ಲ. ಅವನಿಗೆ 12 ಇಂಚು ತೀರಾ ಸುಲಭ, ಅಂಕ ಅಲ್ಲಾಡುವುದೇ ಇಲ್ಲ. ಅವನಿಗೆ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ. ಕ್ವೀನ್ಸ್ ಮಾತ್ರ ಯಾರೂ ಮಾಡುವುದಿಲ್ಲ. 12 ಇಂಚೂ ಮಂಡಿಗೆ ಕಷ್ಟ ಅನ್ನುವವರು 8 ಇಂಚಿನಲ್ಲಿ ಮಾಡಿ ತಮ್ಮದೇ ಲೆಕ್ಕ ಇಟ್ಟುಕೊಳ್ಳಬಹುದು. ವಯಸ್ಸಿಗೆ ತಕ್ಕಂತೆ ಅಂಕ ಎಷ್ಟು ಚೆನ್ನ ಅಂತ ಹೇಳುವ ವೈಎಂಸಿಎ ಕೋಷ್ಟಕಕ್ಕೆ ಅದು ಹೊಂದುವುದಿಲ್ಲ ಅಷ್ಟೇ. ನಿಮ್ಮ ಹಿಂದಿನ ತಿಂಗಳ ಜೊತೆ ಹೋಲಿಸಲು ಕೋಷ್ಟಕ ಬೇಕಾಗಿಲ್ಲ ಅಲ್ವಾ?

ಹೃದಯದ ಕಾಯಿಲೆ, ಹಿಡಿತಕ್ಕೆ ಬಾರದ ಬಿಪಿ ಇದ್ದವರು ವೈದ್ಯರನ್ನು ಕೇಳದೆ ಈ ಮೂರರಲ್ಲಿ ಯಾವುದನ್ನೂ ಮಾಡಬೇಡಿ. ಮಧ್ಯದಲ್ಲಿ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ಆಮೇಲೆ ವೈದ್ಯರಿಗೆ ತೋರಿಸಿ. ಇನ್ನು ಮಾತ್ರೆಯ ವಿಷಯ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಬಡಿತವನ್ನೇ ಕಡಿಮೆ ಮಾಡುತ್ತವೆ. ನಮ್ಮಣ್ಣನೂ ಈ ಲೆಕ್ಕ ಇಡುತ್ತಿದ್ದ. ಅಂಥ ಮಾತ್ರೆ ಶುರುವಾದ ವಾರವೇ ಅವನ ಅಂಕ ಹದಿನೈದು ಇಳಿಯಿತು. ಅದು ದಮ್ಮು ಏರಿದ್ದಲ್ಲ. ಅವನು ಪುಸ್ತಕದಲ್ಲಿ ಒಂದು ಗೆರೆ ಎಳೆದು, ಮಾತ್ರೆಯ ಹೆಸರು, ಪ್ರಮಾಣ, ತಾರೀಕು ಬರೆದು, ಮತ್ತೆ ಒಂದೇ ವಾರದಲ್ಲಿ ಮೂರು ಸಲ ಮಾಡಿ ಹೊಸದಾಗಿ ಲೆಕ್ಕ ಶುರು ಮಾಡಿದ್ದಾನೆ. ಗೆರೆಯ ಮೇಲಿನ ಅಂಕೆಗಳನ್ನು ಕೆಳಗಿನವುಗಳ ಜೊತೆ ಹೋಲಿಸುವುದಿಲ್ಲ.